ದುಡ್ಡು ಬರುತ್ತೆ ಅಂದರು, ಪಿನ್ ಕೇಳಿತು: ಕಲೆಕ್ಟ್ ರಿಕ್ವೆಸ್ಟ್ ಅಸಲಿಯೋ ನಕಲಿಯೋ ನೋಡುವ ಬಗೆ

2025ರ ನವೆಂಬರ್‌ನಲ್ಲಿ ಹಾಸನದ ನಮ್ಮ ಅತ್ತೆ ಮನೆ ಬದಲಾಯಿಸುತ್ತಿದ್ದರು. ಹಳೇ ವಾಷಿಂಗ್ ಮಷೀನ್ ಮಾರೋಣ ಅಂತ ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಹಾಕಿದರು. ಬೆಲೆ 6,500 ರೂಪಾಯಿ. ಅರ್ಧ ಗಂಟೆಯೊಳಗೆ ಒಬ್ಬ ಫೋನ್ ಮಾಡಿದ. ಚೌಕಾಸಿ ಇಲ್ಲ, ಮಷೀನ್ ಎಷ್ಟು ವರ್ಷದ್ದು ಅಂತ ವಿಚಾರಣೆಯೂ ಇಲ್ಲ. “ಮೇಡಂ, ದುಡ್ಡು ಈಗಲೇ ಹಾಕಿಬಿಡ್ತೀನಿ. ನಮ್ಮ ಆಫೀಸ್ ಅಕೌಂಟ್‌ನಿಂದ ಬರುತ್ತೆ, ಕಂಪನಿ ಹೆಸರು ತೋರಿಸುತ್ತೆ. ನೀವು ಅಕ್ಸೆಪ್ಟ್ ಮಾಡಿದರೆ ಆಯ್ತು” ಅಂದ. ಫೋನ್ ಇಡದೆಯೇ ಅತ್ತೆಯ ಮೊಬೈಲಿಗೆ ರಿಕ್ವೆಸ್ಟ್ ಬಂತು. ಎಲ್ಲರಿಗೂ ಗೊತ್ತಿರುವ ಒಂದು ದೊಡ್ಡ ಆನ್‌ಲೈನ್ ಅಂಗಡಿಯ ಹೆಸರು, ಪಕ್ಕದಲ್ಲಿ ಟಿಕ್ ಗುರುತು, 6,500 ರೂಪಾಯಿ. ಅತ್ತೆ ಪಿನ್ ಒತ್ತಿದರು. ದುಡ್ಡು ಬರಲಿಲ್ಲ, ಹೋಯಿತು.

“ಸಾರಿ ಮೇಡಂ, ಉಲ್ಟಾ ಆಯ್ತು. ಎರಡೂ ಸೇರಿಸಿ 13,000ಕ್ಕೆ ಕಳಿಸ್ತೀನಿ, ಒಂದೇ ಸಲ ವಾಪಸ್ ಬರುತ್ತೆ” ಅಂತ ಅವನು ಮತ್ತೊಂದು ರಿಕ್ವೆಸ್ಟ್ ಕಳಿಸಿದಾಗ ಅತ್ತೆಗೆ ಅನುಮಾನ ಬಂದು ನನಗೆ ಫೋನ್ ಮಾಡಿದರು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಆ ರಿಕ್ವೆಸ್ಟ್ ನಕಲಿ ಹೆಸರಿನಿಂದ ಬಂದಿರಲಿಲ್ಲ. ಅಂಗಡಿ ನಿಜವಾದದ್ದು, ಟಿಕ್ ಗುರುತೂ ನಿಜವಾದದ್ದು. ಆ ಮನುಷ್ಯ ಅಂಗಡಿಯ ವೆಬ್‌ಸೈಟ್‌ಗೆ ಹೋಗಿ ತನಗೆ 6,500ರ ಗಿಫ್ಟ್ ವೋಚರ್ ಆರ್ಡರ್ ಮಾಡಿ, ದುಡ್ಡು ಕಟ್ಟುವ ಜಾಗದಲ್ಲಿ ನಮ್ಮ ಅತ್ತೆಯ ಯುಪಿಐ ಐಡಿ ಟೈಪ್ ಮಾಡಿದ್ದ. ಅಷ್ಟೇ. ಐಡಿ ಟೈಪ್ ಮಾಡಿದವರು ಯಾರು ಅಂತ ಅಂಗಡಿಗೂ ಗೊತ್ತಾಗುವುದಿಲ್ಲ, ಆ್ಯಪ್‌ಗೂ ಗೊತ್ತಾಗುವುದಿಲ್ಲ. ಎಷ್ಟೋ ಜನರ ಐಡಿ ಅಂದರೆ ಮೊಬೈಲ್ ನಂಬರ್, ಅದರ ಮುಂದೆ ಒಂದು @ ಮತ್ತು ಬಾಲ. ಮಾರಾಟಕ್ಕಿದೆ ಅಂತ ನಂಬರ್ ಹಾಕಿದವರ ಐಡಿ ಊಹಿಸುವುದು ಕಷ್ಟವೇನಲ್ಲ.

ಹಾಗಾಗಿ ‘ಹೆಸರು ನೋಡಿ ಅಪ್ರೂವ್ ಮಾಡಿ’ ಅನ್ನುವ ಸಲಹೆ ಅರ್ಧ ಮಾತ್ರ ಸರಿ. ಇನ್ನರ್ಧ ಏನು ಅಂತ ಒಂದೊಂದೇ ಹೆಜ್ಜೆ ನೋಡೋಣ.

ಮೊದಲು, ಈಗ ಯಾವ ರಿಕ್ವೆಸ್ಟ್ ಬರಬಹುದು, ಯಾವುದು ಬರುವಂತಿಲ್ಲ

ಯುಪಿಐನಲ್ಲಿ ದುಡ್ಡು ಎರಡು ರೀತಿ ಓಡಾಡುತ್ತದೆ. ನಾವೇ ಕಳಿಸುವುದು ಒಂದು. ಇನ್ನೊಬ್ಬರು ‘ಇಷ್ಟು ಕೊಡಿ’ ಅಂತ ಕೇಳಿ, ನಾವು ಪಿನ್ ಹಾಕಿ ಒಪ್ಪುವುದು ಇನ್ನೊಂದು. ಈ ಎರಡನೆಯದೇ ಕಲೆಕ್ಟ್ ರಿಕ್ವೆಸ್ಟ್. ಎರಡರಲ್ಲೂ ದುಡ್ಡು ಹೋಗುವುದು ಪಿನ್ ಹಾಕಿದವರ ಖಾತೆಯಿಂದ.

ಮೊದಲೆಲ್ಲ ಸ್ನೇಹಿತರು ಹೋಟೆಲ್ ಬಿಲ್ ಹಂಚಿಕೊಳ್ಳಲು ಒಬ್ಬರಿಗೊಬ್ಬರು ಇಂಥ ರಿಕ್ವೆಸ್ಟ್ ಕಳಿಸುತ್ತಿದ್ದರು. ಮೋಸ ಜಾಸ್ತಿಯಾದ ಮೇಲೆ ಯುಪಿಐ ನಡೆಸುವ ಎನ್‌ಪಿಸಿಐ ಇದನ್ನು ಒಂದು ಸಲಕ್ಕೆ 2,000 ರೂಪಾಯಿಗೆ ಮಿತಿಗೊಳಿಸಿತು. ಕೊನೆಗೆ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಕಲೆಕ್ಟ್ ರಿಕ್ವೆಸ್ಟನ್ನೇ ನಿಲ್ಲಿಸಿತು. ಉಳಿದಿರುವುದು ವ್ಯಾಪಾರಿಗಳು ಕಳಿಸುವ ರಿಕ್ವೆಸ್ಟ್ ಮಾತ್ರ. ಅದೂ ಕಡಿಮೆಯಾಗುತ್ತಾ ಬಂದಿದೆ. ಹೆಚ್ಚಿನ ವೆಬ್‌ಸೈಟ್‌ಗಳು ಈಗ ಐಡಿ ಕೇಳುವ ಬದಲು ಪರದೆಯ ಮೇಲೆ ಕ್ಯೂಆರ್ ತೋರಿಸುತ್ತವೆ, ಇಲ್ಲವೇ ನೇರವಾಗಿ ಆ್ಯಪ್ ತೆರೆಯುತ್ತವೆ.

ಇದರಿಂದ ನಿಮ್ಮ ಕೆಲಸ ಸ್ವಲ್ಪ ಸುಲಭವಾಗಿದೆ. ‘ನಾನು ಬಾಡಿಗೆಗೆ ಬರುವವನು, ಅಡ್ವಾನ್ಸ್ ಕಳಿಸಿದ್ದೀನಿ, ರಿಕ್ವೆಸ್ಟ್ ಒಪ್ಕೊಳ್ಳಿ’ ಅಂತ ಯಾರಾದರೂ ಹೇಳಿದರೆ ಹೆಚ್ಚು ಯೋಚಿಸಬೇಕಾಗಿಲ್ಲ. ಖಾಸಗಿ ವ್ಯಕ್ತಿ ನಿಮಗೆ ರಿಕ್ವೆಸ್ಟ್ ಕಳಿಸುವ ದಾರಿಯೇ ಮುಚ್ಚಿದೆ. ಬಂದಿದೆ ಅಂದರೆ ಅವನು ಯಾವುದೋ ಅಂಗಡಿಯ ಹೆಗಲ ಮೇಲೆ ಬಂದೂಕು ಇಟ್ಟಿದ್ದಾನೆ, ಇಲ್ಲವೇ ಯಾರದ್ದೋ ದಾಖಲೆ ಕೊಟ್ಟು ವ್ಯಾಪಾರಿ ಅಂತ ಖಾತೆ ಮಾಡಿಕೊಂಡಿದ್ದಾನೆ.

ಹೆಜ್ಜೆ 1: ಫೋನ್ ಕಟ್ ಮಾಡಿ, ಆ್ಯಪನ್ನು ನೀವೇ ತೆರೆಯಿರಿ

ನಕಲಿ ರಿಕ್ವೆಸ್ಟ್‌ನ ಜೊತೆ ಬಹುಪಾಲು ಒಬ್ಬ ಮನುಷ್ಯ ಫೋನ್‌ನಲ್ಲಿ ಇರುತ್ತಾನೆ. ‘ಈಗ ಬಂತಾ? ಒತ್ತಿ, ಒತ್ತಿ’ ಅನ್ನುತ್ತಿರುತ್ತಾನೆ. ಅಸಲಿ ರಿಕ್ವೆಸ್ಟ್‌ಗೆ ಇಂಥ ಜೊತೆಗಾರ ಬೇಕಾಗಿಲ್ಲ. ರೈಲು ಟಿಕೆಟ್ ಬುಕ್ ಮಾಡುವಾಗ ಯಾರಾದರೂ ಫೋನ್ ಮಾಡಿ ಪಿನ್ ಹಾಕಿ ಅಂದಿದ್ದಾರಾ? ಹಾಗಾಗಿ ಮೊದಲು ಕಾಲ್ ಕಟ್ ಮಾಡಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಆಮೇಲೆ ಎಸ್ಸೆಮ್ಮೆಸ್, ವಾಟ್ಸ್ಆ್ಯಪ್‌ನಲ್ಲಿ ಬಂದ ಲಿಂಕ್ ಒತ್ತದೆ, ನಿಮ್ಮ ಪೇಮೆಂಟ್ ಆ್ಯಪನ್ನು ನೀವೇ ತೆರೆದು ನೋಡಿ. ನಿಜವಾದ ಕಲೆಕ್ಟ್ ರಿಕ್ವೆಸ್ಟ್ ಆ್ಯಪ್ ಒಳಗೆ, ಬಾಕಿ ಇರುವ ರಿಕ್ವೆಸ್ಟ್‌ಗಳ ಪಟ್ಟಿಯಲ್ಲಿ ಇರಲೇಬೇಕು. ಅಲ್ಲಿ ಇಲ್ಲ ಅಂದರೆ ನಿಮಗೆ ಬಂದದ್ದು ರಿಕ್ವೆಸ್ಟೇ ಅಲ್ಲ. ರಿಕ್ವೆಸ್ಟ್‌ನಂತೆ ಕಾಣುವ ಚಿತ್ರ ಅಥವಾ ಲಿಂಕ್ ಅಷ್ಟೇ.

ಹೆಜ್ಜೆ 2: ಇದನ್ನು ಶುರು ಮಾಡಿದ್ದು ನಾನಾ?

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಅಸಲಿ ರಿಕ್ವೆಸ್ಟ್ ಹೇಗಿರುತ್ತದೆ ಅಂತ ಒಂದು ಉದಾಹರಣೆಯಲ್ಲೇ ನೋಡೋಣ.

ನೀವು ಲ್ಯಾಪ್‌ಟಾಪ್‌ನಲ್ಲಿ ಕೂತು ಹಾಸನದಿಂದ ಮಂಗಳೂರಿಗೆ ಟಿಕೆಟ್ ತೆಗೆಯುತ್ತಿದ್ದೀರಿ ಅಂದುಕೊಳ್ಳಿ. ಹೆಸರು, ವಯಸ್ಸು ತುಂಬಿಸಿ ಕೊನೆಗೆ 742 ರೂಪಾಯಿ 60 ಪೈಸೆ ಅಂತ ಬಂತು. ಯುಪಿಐ ಆರಿಸಿ, ನಿಮ್ಮ ಐಡಿಯನ್ನು ನೀವೇ ಟೈಪ್ ಮಾಡಿದಿರಿ. ಪರದೆಯ ಮೇಲೆ ಗಡಿಯಾರ ಓಡತೊಡಗಿತು, ಸಾಮಾನ್ಯವಾಗಿ ಐದು ನಿಮಿಷದ ಆಸುಪಾಸು. ಮೊಬೈಲ್‌ನಲ್ಲಿ ರಿಕ್ವೆಸ್ಟ್ ಬಂತು. ಈಗ ನಿಮ್ಮ ಮುಂದೆ ಎರಡು ಪರದೆಗಳಿವೆ. ಲ್ಯಾಪ್‌ಟಾಪ್‌ನಲ್ಲಿ 742.60, ಮೊಬೈಲ್‌ನಲ್ಲೂ 742.60. ಪೈಸೆ ಸಮೇತ ಒಂದೇ. ಅಲ್ಲಿ ಟಿಕೆಟ್ ಮಾರುವವರ ಹೆಸರು, ಇಲ್ಲೂ ಅದೇ ಹೆಸರು, ಇಲ್ಲವೇ ಅವರ ಪರವಾಗಿ ದುಡ್ಡು ತೆಗೆದುಕೊಳ್ಳುವ ಪೇಮೆಂಟ್ ಗೇಟ್‌ವೇ ಹೆಸರು. ಮೊಬೈಲ್‌ನಲ್ಲಿ ಒಪ್ಪಿದ ಕೆಲವೇ ಕ್ಷಣಗಳಲ್ಲಿ ಲ್ಯಾಪ್‌ಟಾಪ್‌ನ ಪುಟ ತಾನಾಗಿ ಮುಂದಕ್ಕೆ ಹೋಗುತ್ತದೆ.

ಅಂದರೆ ಅಸಲಿ ರಿಕ್ವೆಸ್ಟ್‌ಗೆ ಒಂದು ಜೋಡಿ ಇರುತ್ತದೆ. ನೀವೇ ತೆರೆದಿಟ್ಟ, ನಿಮಗಾಗಿ ಕಾಯುತ್ತಿರುವ ಇನ್ನೊಂದು ಪುಟ. ಅತ್ತೆಯ ರಿಕ್ವೆಸ್ಟ್‌ಗೂ ಜೋಡಿ ಇತ್ತು, ಆದರೆ ಅದು ಆ ಕಳ್ಳನ ಪರದೆಯ ಮೇಲಿತ್ತು. ರಿಕ್ವೆಸ್ಟ್ ಬಂದಾಗ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಇದರ ಜೋಡಿ ಪುಟ ಎಲ್ಲಿದೆ? ತೋರಿಸಲು ಆಗದಿದ್ದರೆ ಒಪ್ಪಬೇಡಿ, ಹೆಸರು ಎಷ್ಟೇ ದೊಡ್ಡದಿರಲಿ.

ಮನೆಯಲ್ಲಿ ಒಂದು ತೊಡಕು ಬರುತ್ತದೆ. ಮಗ ಹಾಸ್ಟೆಲ್‌ನಿಂದ ಪುಸ್ತಕ ಆರ್ಡರ್ ಮಾಡಿ ಅಮ್ಮನ ಐಡಿ ಹಾಕುತ್ತಾನೆ. ಜೋಡಿ ಪುಟ ಇರುವುದು ಅವನ ಹತ್ತಿರ. ಇಂಥ ಕಡೆ ಮೆಸೇಜ್ ಸಾಲದು, ಅವನಿಗೆ ನೀವೇ ಫೋನ್ ಮಾಡಿ “ಎಷ್ಟು ದುಡ್ಡು ತೋರಿಸ್ತಿದೆ ಹೇಳು” ಅಂತ ಕೇಳಿ. ಮೊತ್ತ ನೀವು ಹೇಳಬೇಡಿ, ಅವನ ಬಾಯಿಂದ ಬರಲಿ.

ಷೇರಿನ ಐಪಿಒಗೆ ಅರ್ಜಿ ಹಾಕುವವರಿಗೆ ಇನ್ನೊಂದು ವಿನಾಯಿತಿ. ಅದರ ರಿಕ್ವೆಸ್ಟ್ ತಕ್ಷಣ ಬರದೆ ಕೆಲವೊಮ್ಮೆ ಗಂಟೆಗಟ್ಟಲೆ ತಡವಾಗಿ ಬರುತ್ತದೆ. ಅದರಲ್ಲಿ ದುಡ್ಡು ಕಟ್ ಆಗುವುದಿಲ್ಲ, ಖಾತೆಯಲ್ಲೇ ಬ್ಲಾಕ್ ಆಗಿ ಕೂರುತ್ತದೆ. ಆದರೂ ನೀವು ಹಾಕಿದ ಅರ್ಜಿಯ ಕಂಪನಿ ಮತ್ತು ಮೊತ್ತ, ರಿಕ್ವೆಸ್ಟ್‌ನಲ್ಲಿರುವುದರ ಜೊತೆ ಹೊಂದಲೇಬೇಕು.

ಹೆಜ್ಜೆ 3: ಹೆಸರು, ಐಡಿ, ಟಿಪ್ಪಣಿ. ಯಾವುದನ್ನು ಎಷ್ಟು ನಂಬಬೇಕು?

ಮೂರಕ್ಕೂ ಒಂದೇ ತೂಕ ಇಲ್ಲ.

ಎಲ್ಲಕ್ಕಿಂತ ಕಡಿಮೆ ನಂಬಬೇಕಾದದ್ದು ಟಿಪ್ಪಣಿ. ರಿಕ್ವೆಸ್ಟ್‌ನಲ್ಲಿ ಮೊತ್ತದ ಹತ್ತಿರ ಒಂದು ಸಣ್ಣ ಸಾಲು ಇರುತ್ತದೆ ನೋಡಿ. ‘ರೀಫಂಡ್’, ‘ಕ್ಯಾಶ್‌ಬ್ಯಾಕ್’, ‘ನಿಮಗೆ 6,500 ಬಂದಿದೆ’ ಅಂತೆಲ್ಲ ಬರೆದಿರಬಹುದು. ಅದನ್ನು ಬ್ಯಾಂಕ್ ಬರೆದಿಲ್ಲ, ಆ್ಯಪ್ ಕೂಡ ಬರೆದಿಲ್ಲ. ದುಡ್ಡು ಕೇಳುವ ಕಡೆಯಿಂದಲೇ ಬಂದದ್ದು. ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಷ್ಟೇ ಬೆಲೆ ಅದಕ್ಕೆ.

ಐಡಿ ಅದಕ್ಕಿಂತ ಸ್ವಲ್ಪ ಮೇಲು. @ ಆದಮೇಲೆ ಬರುವ ಬಾಲ, ಅಂದರೆ `@ybl`, `@okhdfcbank` ಥರದ್ದು, ಆ ಐಡಿಯನ್ನು ಯಾವ ಬ್ಯಾಂಕ್ ಮತ್ತು ಆ್ಯಪ್ ಮೂಲಕ ಮಾಡಿದ್ದಾರೆ ಅಂತ ಮಾತ್ರ ಹೇಳುತ್ತದೆ. ಬಾಲದಲ್ಲಿ ಬ್ಯಾಂಕ್ ಹೆಸರು ಇದೆ ಅಂದ ಮಾತ್ರಕ್ಕೆ ಬ್ಯಾಂಕೇ ಕೇಳುತ್ತಿದೆ ಅಂತಲ್ಲ. ಆ ಬ್ಯಾಂಕಿನ ಯಾವ ಗ್ರಾಹಕ ಬೇಕಾದರೂ ಆಗಿರಬಹುದು. @ ಮುಂಚಿನ ಭಾಗದಲ್ಲಿ `refund`, `care`, `help` ಅಂತ ಇದ್ದರೆ ನನಗಂತೂ ಅನುಮಾನ ಜಾಸ್ತಿಯಾಗುತ್ತದೆ. ಇದಕ್ಕೆ ಉಲ್ಟಾ, ಅಸಲಿ ವ್ಯಾಪಾರಿಗಳ ಐಡಿ ಅಂಕಿ ಅಕ್ಷರ ಬೆರೆತು ಅರ್ಥವೇ ಆಗದ ಹಾಗೆ ಇರುವುದುಂಟು. ವಿಚಿತ್ರವಾಗಿದೆ ಅನ್ನುವ ಒಂದೇ ಕಾರಣಕ್ಕೆ ಅದು ಮೋಸವಾಗುವುದಿಲ್ಲ.

ಹೆಸರಿಗೆ ಈಗ ಸ್ವಲ್ಪ ಬಲ ಬಂದಿದೆ. ನಾವು ಒಬ್ಬರಿಗೆ ದುಡ್ಡು ಕಳಿಸುವಾಗ, ಪಡೆಯುವವರ ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ಆ್ಯಪ್ ತೋರಿಸಬೇಕು ಅಂತ 2025ರ ಮಧ್ಯಭಾಗದಿಂದ ನಿಯಮ ಇದೆ. ಹಾಗಾಗಿ ಹೆಸರು ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸಿ. ‘ವಿದ್ಯುತ್ ಬಿಲ್ ಬಾಕಿ’ ಅಂದು ಯಾವುದೋ ಟ್ರೇಡರ್ಸ್ ಹೆಸರು ತೋರಿಸಿದರೆ ಮುಂದೆ ನೋಡುವುದೇನೂ ಇಲ್ಲ. ಆದರೆ ಹೆಸರು ಹೊಂದಿದರೆ? ಆಗಲೂ ಎರಡನೇ ಹೆಜ್ಜೆಗೆ ವಾಪಸ್ ಹೋಗಬೇಕು. ಟಿಕ್ ಗುರುತು ಹೇಳುವುದು ‘ಈ ಅಂಗಡಿ ನಿಜವಾದದ್ದು’ ಅಂತ. ‘ಈ ಆರ್ಡರ್ ನಿಮ್ಮದು’ ಅಂತ ಅದು ಹೇಳುವುದಿಲ್ಲ.

ಹೆಜ್ಜೆ 4: ಒಂದು ಸಲದ ಪಾವತಿಯೋ, ಆಟೋಪೇಯೋ?

ರಿಕ್ವೆಸ್ಟ್ ಎರಡು ಥರ ಇರುತ್ತದೆ. ಒಂದು ಸಲ ದುಡ್ಡು ಹೋಗಿ ಮುಗಿಯುವುದು ಒಂದು. ಮುಂದೆ ಮತ್ತೆ ಮತ್ತೆ ಕಟ್ ಮಾಡಲು ಅನುಮತಿ ಕೇಳುವುದು ಇನ್ನೊಂದು, ಇದನ್ನು ಮ್ಯಾಂಡೇಟ್ ಅಥವಾ ಆಟೋಪೇ ಅನ್ನುತ್ತಾರೆ. ‘ಒಂದು ರೂಪಾಯಿ ವೆರಿಫಿಕೇಶನ್’ ಅಂತ ಹೇಳಿ ಎರಡನೆಯದನ್ನು ಒಪ್ಪಿಸಿಕೊಳ್ಳುವ ಚಾಲಾಕಿ ಇದೆ.

ಆಟೋಪೇ ಪುಟದಲ್ಲಿ ಗರಿಷ್ಠ ಮೊತ್ತ, ಎಷ್ಟು ದಿನಕ್ಕೊಮ್ಮೆ, ಯಾವಾಗಿನಿಂದ ಯಾವಾಗಿನವರೆಗೆ ಅಂತ ಇರುತ್ತದೆ. ದೊಡ್ಡ ಅಕ್ಷರದಲ್ಲಿ 1 ರೂಪಾಯಿ ಕಂಡರೂ ನೀವು ಓದಬೇಕಾದದ್ದು ಗರಿಷ್ಠ ಮೊತ್ತವನ್ನು. ಅಲ್ಲಿ 15,000 ಅಂತ ಇದ್ದರೆ ನೀವು ಸಹಿ ಹಾಕುತ್ತಿರುವುದು ಅದಕ್ಕೇ. ಸಾಮಾನ್ಯ ಆಟೋಪೇಗಳಲ್ಲಿ 15,000 ರೂಪಾಯಿವರೆಗೆ ಪ್ರತಿ ಸಲ ಪಿನ್ ಕೇಳದೆಯೇ ಕಟ್ ಆಗಬಹುದು. ಮೊದಲ ಸಲ ಹಾಕಿದ ಪಿನ್ನೇ ಎಲ್ಲಕ್ಕೂ ಒಪ್ಪಿಗೆ. ‘ಎಷ್ಟು ದಿನಕ್ಕೊಮ್ಮೆ’ ಅನ್ನುವ ಜಾಗದಲ್ಲಿ `As presented` ಅಂತ ಕಂಡರೆ ಅವರು ಕೇಳಿದಾಗಲೆಲ್ಲ ಅಂತ ಅರ್ಥ. ಇಂಥದ್ದನ್ನು ತಪ್ಪಿ ಒಪ್ಪಿದ್ದರೆ ಗಾಬರಿ ಬೇಡ. ಕಟ್ ಆಗುವ 24 ಗಂಟೆ ಮುಂಚೆ ಮೆಸೇಜ್ ಬರಬೇಕು ಅನ್ನುವುದು ನಿಯಮ. ಆ್ಯಪ್‌ನ ಆಟೋಪೇ ವಿಭಾಗಕ್ಕೆ ಹೋಗಿ ಅದನ್ನು ರದ್ದು ಮಾಡಬಹುದು.

ಹೆಜ್ಜೆ 5: ಪಿನ್ ಪುಟದಲ್ಲಿ ಒಂದು ಉಸಿರು ನಿಲ್ಲಿ

ಪಿನ್ ಪುಟ ಎಲ್ಲ ಆ್ಯಪ್‌ಗಳಲ್ಲೂ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಮೇಲೆ ನಿಮ್ಮ ಬ್ಯಾಂಕ್ ಹೆಸರು, ದುಡ್ಡು ಯಾರಿಗೆ, ಎಷ್ಟು. ಕೆಳಗೆ ಅಂಕಿಗಳು. ನಮ್ಮ ಬೆರಳು ನೇರವಾಗಿ ಅಂಕಿಗಳಿಗೇ ಹೋಗುತ್ತದೆ, ಮೇಲಿನ ಭಾಗ ಕಣ್ಣಿಗೆ ಬೀಳುವುದೇ ಇಲ್ಲ. ಅತ್ತೆಯೂ ಹಾಗೇ ಅಂದರು: “ಅಂಕಿ ನೋಡಿದ್ದೇ ಒತ್ತಿಬಿಟ್ಟೆ ಕಣೋ.”

ದುಡ್ಡು ಪಡೆಯಲು ಪಿನ್ ಬೇಕಾಗುವ ಸಂದರ್ಭ ಯುಪಿಐನಲ್ಲಿ ಒಂದೂ ಇಲ್ಲ. ಸರಕು ವಾಪಸ್ ಕೊಟ್ಟಾಗ ಬರುವ ರೀಫಂಡ್ ಇರಲಿ, ಕ್ಯಾಶ್‌ಬ್ಯಾಕ್ ಇರಲಿ, ಎಲ್ಲ ಸುಮ್ನೆ ಬಂದು ಖಾತೆಗೆ ಬೀಳುತ್ತದೆ. ನಿಮ್ಮನ್ನು ಯಾರೂ ಏನೂ ಒತ್ತು ಅನ್ನುವುದಿಲ್ಲ. ‘ಬರುತ್ತೆ’ ಅನ್ನುವ ಮಾತು ಮತ್ತು ಪಿನ್ ಪುಟ ಒಟ್ಟಿಗೆ ಬಂದರೆ ಅಲ್ಲಿಂದಲೇ ಹಿಂದಕ್ಕೆ ಬನ್ನಿ.

ಇದೇ ಜಾಗದಲ್ಲಿ ವಾಟ್ಸ್ಆ್ಯಪ್‌ನಲ್ಲಿ ಓಡಾಡಿದ ಒಂದು ಸುದ್ದಿ ಹೇಳಿಬಿಡುತ್ತೇನೆ. ಯಾರೋ ನಿಮ್ಮ ಖಾತೆಗೆ ಸಣ್ಣ ಮೊತ್ತ ಹಾಕುತ್ತಾರಂತೆ, ನೀವು ಬ್ಯಾಲೆನ್ಸ್ ನೋಡಲು ಪಿನ್ ಹಾಕಿದಾಗ ಅವರ ರಿಕ್ವೆಸ್ಟ್ ತಾನಾಗಿ ಅಪ್ರೂವ್ ಆಗುತ್ತದಂತೆ. ಹಾಗೆ ಆಗುವುದಿಲ್ಲ. ಬ್ಯಾಲೆನ್ಸ್‌ಗೆ ಹಾಕಿದ ಪಿನ್ ಬ್ಯಾಲೆನ್ಸ್‌ಗೆ ಮಾತ್ರ. ರಿಕ್ವೆಸ್ಟನ್ನು ನೀವೇ ತೆರೆದು, ಒಪ್ಪಿ, ಅದಕ್ಕೇ ಅಂತ ಪಿನ್ ಹಾಕಿದರಷ್ಟೇ ದುಡ್ಡು ಹೋಗುತ್ತದೆ. ಆ ಸುದ್ದಿಯ ಜೊತೆ ಬರುವ ‘ಬ್ಯಾಲೆನ್ಸ್ ನೋಡುವಾಗ ಮೊದಲು ತಪ್ಪು ಪಿನ್ ಹಾಕಿ’ ಅನ್ನುವ ಸಲಹೆಯನ್ನೂ ಪಾಲಿಸಬೇಕಾಗಿಲ್ಲ. ಪದೇ ಪದೇ ತಪ್ಪು ಹಾಕಿದರೆ ನಿಮ್ಮ ಪಿನ್ನೇ ಲಾಕ್ ಆಗುತ್ತದೆ.

ರಿಕ್ವೆಸ್ಟ್ ವೇಷದ ಲಿಂಕ್ ಮತ್ತು ಸ್ಕ್ಯಾನರ್

ಕಲೆಕ್ಟ್ ದಾರಿ ಕಿರಿದಾದ ಮೇಲೆ ಮೋಸಗಾರರು ಕ್ಯೂಆರ್ ಮತ್ತು ಲಿಂಕ್ ಕಡೆ ತಿರುಗಿದ್ದಾರೆ. ‘ಈ ಸ್ಕ್ಯಾನರ್ ಸ್ಕ್ಯಾನ್ ಮಾಡಿ, ದುಡ್ಡು ನಿಮ್ಮ ಖಾತೆಗೆ ಬರುತ್ತೆ’ ಅನ್ನುತ್ತಾರೆ. ಆ ಚೌಕದ ಒಳಗೆ ಇರುವುದು ಇಂಥದ್ದೊಂದು ಸಾಲು:

```
upi://pay?pa=xyz@bank&pn=Refund&am=6500&cu=INR&tn=Cashback
```

`pay` ಅನ್ನುವುದನ್ನು ನೋಡಿ. ಕೊಡು ಅಂತ. `pa` ದುಡ್ಡು ಹೋಗುವ ಐಡಿ, `am` ಮೊತ್ತ. `pn` ಮತ್ತು `tn` ಅಂದರೆ ಹೆಸರು ಮತ್ತು ಟಿಪ್ಪಣಿ, ಎರಡನ್ನೂ ಸಾಲು ತಯಾರಿಸಿದವರು ಮನಸ್ಸಿಗೆ ಬಂದಂತೆ ತುಂಬಿಸಬಹುದು. ಇದನ್ನು ಸ್ಕ್ಯಾನ್ ಮಾಡಿದವರು ಕೊಡುವವರೇ ಆಗುತ್ತಾರೆ. ಅಂಗಡಿಯಲ್ಲಿ ನಾವು ಸ್ಕ್ಯಾನ್ ಮಾಡುತ್ತೇವೆ, ಅಂಗಡಿಯವರು ಮಾಡುವುದಿಲ್ಲ ಅಲ್ವಾ? ಇಲ್ಲೂ ಅದೇ ಲೆಕ್ಕ.

ಕೆಲವರು ಮೊದಲು ಐದು ರೂಪಾಯಿಗೆ ಹೀಗೆ ಮಾಡಿಸಿ, ಹತ್ತು ರೂಪಾಯಿ ನಿಜವಾಗಿಯೂ ವಾಪಸ್ ಕಳಿಸುತ್ತಾರೆ. ‘ನೋಡಿ, ಬಂತಲ್ಲ’ ಅಂತ. ಆ ಹತ್ತು ರೂಪಾಯಿ ಅವರು ಬೇರೆಯಾಗಿ ಕಳಿಸಿದ್ದು, ಸ್ಕ್ಯಾನ್‌ನಿಂದ ಬಂದದ್ದಲ್ಲ. ಮುಂದಿನ ದೊಡ್ಡ ಮೊತ್ತಕ್ಕೆ ಅದು ಗಾಳದ ಹುಳು.

ಬೇಡದ್ದಕ್ಕೆ ಡಿಕ್ಲೈನ್, ಆಗಿಹೋಗಿದ್ದಕ್ಕೆ 1930

ಅನುಮಾನ ಬಂದರೆ `Decline` ಒತ್ತಿ. ಅದಕ್ಕೆ ಪಿನ್ ಬೇಡ, ದಂಡವೂ ಇಲ್ಲ. ಸುಮ್ಮನೆ ಬಿಟ್ಟರೂ ಗಡುವು ಮುಗಿದು ಹೋಗುತ್ತದೆ. ಆದರೆ ಆಮೇಲೆ ಯಾವಾಗಲೋ ಕೈತಪ್ಪಿ ಒತ್ತುವುದಕ್ಕಿಂತ ಈಗಲೇ ತಿರಸ್ಕರಿಸುವುದು ವಾಸಿ. ಕಳಿಸಿದ ಐಡಿಯನ್ನು ಬ್ಲಾಕ್ ಮಾಡುವ, ಸ್ಪ್ಯಾಮ್ ಅಂತ ವರದಿ ಮಾಡುವ ಆಯ್ಕೆ ಇದ್ದರೆ ಅದನ್ನೂ ಮಾಡಿ. ನಿಜವಾದ ಅಂಗಡಿಯ ಹೆಸರಲ್ಲಿ ಬಂದಿದ್ದರೆ ಮಾತ್ರ ಬ್ಲಾಕ್ ಬೇಡ, ನಾಳೆ ನೀವೇ ಅಲ್ಲಿ ಏನೋ ಕೊಳ್ಳಬೇಕಾದೀತು.

ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆ್ಯಪ್‌ನಲ್ಲಿ ಆ ವ್ಯವಹಾರ ತೆರೆದರೆ 12 ಅಂಕಿಯ ಯುಟಿಆರ್ ನಂಬರ್ ಇರುತ್ತದೆ. ಅದು, ಮೊತ್ತ, ಸಮಯ ಕೈಯಲ್ಲಿರಲಿ. ದುಡ್ಡು ಇನ್ನೂ ಮುಂದಿನ ಖಾತೆಯಲ್ಲೇ ಇದ್ದರೆ ತಡೆಹಿಡಿಯಲು ಆಗುತ್ತದೆ, ಆದ್ದರಿಂದ ಇಲ್ಲಿ ಲೆಕ್ಕ ನಿಮಿಷದ್ದು. ಆಮೇಲೆ ಬ್ಯಾಂಕ್‌ಗೆ ತಿಳಿಸಿ, `cybercrime.gov.in` ನಲ್ಲಿ ದೂರು ಪೂರ್ತಿ ದಾಖಲಿಸಿ. ಪಿನ್ ನೀವೇ ಹಾಕಿದ್ದರಿಂದ ಬ್ಯಾಂಕ್ ತನ್ನ ಕೈಯಿಂದ ತುಂಬಿಕೊಡುತ್ತದೆ ಅಂತ ನಂಬಿಕೊಂಡು ಕೂರಬೇಡಿ.

ಅತ್ತೆಯಂತೆ ನಿಜವಾದ ಅಂಗಡಿಗೇ ದುಡ್ಡು ಹೋಗಿದ್ದರೆ ಇನ್ನೊಂದು ಬಾಗಿಲು ತಟ್ಟಬಹುದು. ಆ ಅಂಗಡಿಯ ಕಸ್ಟಮರ್ ಕೇರ್. ನಂಬರನ್ನು ಗೂಗಲ್‌ನಲ್ಲಿ ಹುಡುಕದೆ, ಅವರ ಆ್ಯಪ್ ಒಳಗಿನಿಂದಲೇ ಸಂಪರ್ಕಿಸಿ. ಯುಟಿಆರ್ ಕೊಟ್ಟು, ಈ ಆರ್ಡರ್ ನನ್ನದಲ್ಲ ಅನ್ನಿ. ಸರಕು ಇನ್ನೂ ಹೊರಟಿಲ್ಲ, ವೋಚರ್ ಇನ್ನೂ ಬಳಕೆಯಾಗಿಲ್ಲ ಅಂದರೆ ತಡೆಯುವ ಅವಕಾಶ ಇರುತ್ತದೆ. ನಾವು ಈ ಬಾಗಿಲು ತಟ್ಟಿದ್ದು ಸುಮಾರು ಮೂರು ಗಂಟೆ ತಡವಾಗಿ. ಅಷ್ಟರಲ್ಲಿ ವೋಚರ್ ಖರ್ಚಾಗಿತ್ತು. ದೂರಿನ ನಂಬರ್ ಈಗಲೂ ಅತ್ತೆಯ ಮನೆಯ ಕ್ಯಾಲೆಂಡರ್ ಮೇಲೆ ಪೆನ್ನಿನಲ್ಲಿ ಬರೆದಿದೆ. ವಾಷಿಂಗ್ ಮಷೀನನ್ನು ಆಮೇಲೆ ಪಕ್ಕದ ಬೀದಿಯವರೊಬ್ಬರು 5,800ಕ್ಕೆ ತೆಗೆದುಕೊಂಡರು, ನಗದು ಕೊಟ್ಟು.